ಗೃಹಲಕ್ಷ್ಮಿಯೂ ಹಾಲಿನ ಲೆಕ್ಕವೂ

2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಗಳನ್ನು ಗೊತ್ತುಮಾಡಿತು. ಅದರಿಂದ ಮನೆಯಲ್ಲಿ ಹಾಲು ಹೆಚ್ಚಿತೆ?

ಯಲಹಂಕದ ಎರಡು ಬಗೆಯ ಮನೆಗಳನ್ನು ಕಲ್ಪಿಸಿಕೊಳ್ಳೋಣ. ಹಣ ಪಡೆದ ಮನೆಯ ಹಾಲು ತಿಂಗಳಿಗೆ 20 ಲೀಟರಿನಿಂದ 24ಕ್ಕೇರಿತೆನ್ನಿ. ತೆರಿಗೆ ಕಟ್ಟುವುದರಿಂದ ಯೋಜನೆಯ ಹೊರಗುಳಿದ ಮನೆಯಲ್ಲಿ 30 ಲೀಟರೇ ಉಳಿಯಿತೆನ್ನಿ. ಆದರೆ ಅದೇ ಆಗಸ್ಟ್ 1ರಂದು ನಂದಿನಿ ಹಾಲಿನ ದರ 39ರಿಂದ 42 ರೂಪಾಯಿಗೇರಿತ್ತು. ಮೊದಲ ಮನೆಯ ವೆಚ್ಚ 228 ರೂಪಾಯಿ ಏರಿತು, ಎರಡನೆಯದು 90. ಒಂದರಲ್ಲೊಂದನ್ನು ಕಳೆದರೆ 138. ಇದೇ ‘ವ್ಯತ್ಯಾಸಗಳ ವ್ಯತ್ಯಾಸ’.

ಹಣ ಬಾರದಿದ್ದರೂ ಎರಡು ಮನೆಗಳ ವೆಚ್ಚ ಸಮಾಂತರವಾಗಿ ಏರುತ್ತಿತ್ತೆಂಬುದು ಇದರ ಆಧಾರ. ಇಲ್ಲಿ ಅದು ಸುಳ್ಳು: 20 ಲೀಟರಿಗೆ ದರದ ಹೊರೆ 60 ರೂಪಾಯಿ ಮಾತ್ರ. ಆದುದರಿಂದ ಯೋಜನೆಯ ನಿಜವಾದ ಫಲ 168. ರೂಪಾಯಿಗೆ ಬದಲು ಲೀಟರುಗಳನ್ನು ಅಳೆದಿದ್ದರೆ 4 ಲೀಟರೆಂಬ ಸರಿಯುತ್ತರವೇ ದೊರೆಯುತ್ತಿತ್ತು.

2022ರ ನವೆಂಬರಿನಲ್ಲಿ ದರ 2 ರೂಪಾಯಿ ಏರಿದಾಗಲೇ ಹೊರೆ 40 ಹಾಗೂ 60 ಆಗಿ, ಈ ಅಸಮತೆ ಕಾಣಿಸುತ್ತಿತ್ತು. ಹಿಂದಿನ ವರ್ಷಗಳ ಗತಿಯನ್ನು ತೋರಿಸದ ಲೆಕ್ಕವನ್ನು, ಅದು ಯೋಜನೆಯನ್ನು ಹೊಗಳಲಿ ತೆಗಳಲಿ, ನಾವು ಒಪ್ಪಬಾರದು. ಆ ಗತಿ ಸಮಾಂತರವಾಗಿದ್ದರೂ ಊಹೆಗೆ ಬಲ ಬರುವುದೇ ಹೊರತು ಅದು ಸಿದ್ಧವಾಗದು.