ಭೀಮಾ ಪ್ರವಾಹದ ವೀವ್ಸ್ ತೋರಿಸಿ ತೊಗರಿ ವಿಡಿಯೊ ಅಳಿಸಬೇಡಿ

ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಊರ ಚಾನೆಲ್ ನಡೆಸುವವರ ಬಾಯಲ್ಲಿ ಈಗ ಒಂದೇ ಮಾತು: 'ನೂರಕ್ಕೆ ಇಪ್ಪತ್ತು ವಿಡಿಯೊನೇ ಎಂಬತ್ತು ಪಾಲು ವೀವ್ಸ್ ತರ್ತಾವ. ಉಳಿದದ್ದು ಯಾಕ್ ಮಾಡಬೇಕ್ರಿ?' ಈ ಮಾತನ್ನು ನಾವು ಒಪ್ಪುವುದಿಲ್ಲ. ಲೆಕ್ಕ ಸರಿ ಇರಬಹುದು, ತೀರ್ಮಾನ ತಪ್ಪು.

ಲೆಕ್ಕ ಹಾಕುವುದು ಸುಲಭ. ಕಂಪ್ಯೂಟರಿನಲ್ಲಿ YouTube Studio ತೆರೆದು, Analytics ಒಳಗಿನ Advanced mode ಗೆ ಹೋಗಿ, ವಿಡಿಯೊಗಳನ್ನು ವೀವ್ಸ್ ಪ್ರಕಾರ ಮೇಲಿಂದ ಕೆಳಗೆ ಜೋಡಿಸಿ ಕೂಡಿಸುತ್ತ ಹೋಗಿ. ಉದಾಹರಣೆಗೆ, ಒಂದು ಚಾನೆಲ್‌ನಲ್ಲಿ 50 ವಿಡಿಯೊ, ಒಟ್ಟು 1 ಲಕ್ಷ ವೀವ್ಸ್ ಇವೆ ಎನ್ನಿ. ಮೇಲಿನ 10 ವಿಡಿಯೊಗಳಿಗೇ 80 ಸಾವಿರ. ಆದರೆ ಅದರಲ್ಲಿ 55 ಸಾವಿರ ಒಂದೇ ವಿಡಿಯೊದ್ದು, ಭೀಮಾ ಪ್ರವಾಹದ್ದು. ಅದನ್ನು ಬದಿಗಿಟ್ಟರೆ ಉಳಿಯುವುದು 45 ಸಾವಿರ. ಅದರಲ್ಲಿ ಮೇಲಿನ 9 ವಿಡಿಯೊಗಳ ಪಾಲು 25 ಸಾವಿರ, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಎಂಬತ್ತು-ಇಪ್ಪತ್ತು ಎಂದದ್ದು ನಮ್ಮ ಜಾಣತನವಲ್ಲ, ಒಂದು ಹೊಳೆಯ ಆಟ.

2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಕಡೆಯಿಂದ ನೀರು ಬಂದು ಭೀಮಾ ತೀರದ ಊರುಗಳು ಮುಳುಗಿದವು. ಅಂಥ ವಿಡಿಯೊವನ್ನು ದೂರದವರೂ ನೋಡುತ್ತಾರೆ, ನಾಲ್ಕು ದಿನಕ್ಕೆ ಮರೆಯುತ್ತಾರೆ. ಮುಂದಿನ ಪ್ರವಾಹವನ್ನು ನಾವು ಯೋಜಿಸಿ ತರಲಾಗುವುದಿಲ್ಲ.

ಇನ್ನು ತಳದಲ್ಲಿ ಬಿದ್ದ ತೊಗರಿ ವಿಡಿಯೊ ನೋಡಿ. ಗಿಡ ಬಾಡಿದಾಗ ಕಾಂಡ ಸೀಳಿದರೆ ಒಳಗೆ ಕಂದು-ಕಪ್ಪು ಗೆರೆ ಕಂಡರೆ ಅದು ನೆಟೆ ರೋಗ, ಮಣ್ಣಿನ ಶಿಲೀಂಧ್ರದ್ದು ಎಂದು ಅದು ತೋರಿಸುತ್ತದೆ. ನೋಡಿದವರು 500 ಜನರೇ ಇರಬಹುದು. ಆದರೆ ಅವರು ಹೊಲದಲ್ಲಿ ನಿಂತು ಹುಡುಕಿ ಬಂದವರು.

ಹಾಗಾದರೆ ತಳದ 40 ವಿಡಿಯೊಗಳನ್ನು ಏನು ಮಾಡಬೇಕು? ಮೂರು ರಾಶಿ ಮಾಡಿ. ಮುಗಿದ ಸುದ್ದಿಯನ್ನು ಹಾಗೇ ಬಿಡಿ, ಅದು ಊರ ದಾಖಲೆ. Traffic source ನಲ್ಲಿ YouTube search ಹೆಚ್ಚಿರುವ ವಿಡಿಯೊಗಳಿಗೆ ರೈತರು ಆಡುವ ಹೆಸರಿನಲ್ಲೇ ಶೀರ್ಷಿಕೆ ಕೊಡಿ. 'ರೈತರಿಗೆ ಮಹತ್ವದ ಮಾಹಿತಿ' ಎಂದು ಯಾರೂ ಹುಡುಕುವುದಿಲ್ಲ, 'ತೊಗರಿ ನೆಟೆ ರೋಗ' ಎಂದು ಹುಡುಕುತ್ತಾರೆ. ಒಂದೇ ಬೆಳೆಯವನ್ನು ಒಂದು ಪ್ಲೇಲಿಸ್ಟಿಗೆ ಸೇರಿಸಿ, ಬಿತ್ತನೆಗೆ ಮುಂಚೆ ಮತ್ತೆ ವಾಟ್ಸಾಪ್ ಗುಂಪಿಗೆ ಕಳಿಸಿ.

ಮೂರನೆಯದೇ ಅಪಾಯದ ರಾಶಿ: ಹಳೆಯ ತೊಗರಿ ದರ, ಮುಗಿದ ಅರ್ಜಿಯ ಕೊನೆಯ ದಿನ. ಇವನ್ನು ನಂಬಿ ಒಬ್ಬ ರೈತ ತಾಲೂಕು ಕಚೇರಿಗೆ ಬಸ್ಸು ಹಿಡಿದರೆ ದಿನದ ಕೂಲಿ ಹೋಯಿತು. ಇವುಗಳ ಶೀರ್ಷಿಕೆಯ ಮೊದಲಿಗೇ ವರ್ಷ ಬರೆಯಿರಿ, ಇಲ್ಲವೇ Unlisted ಮಾಡಿ.

ಇನ್ನೊಂದು ಎಚ್ಚರ. ಎರಡು ವರ್ಷದ ವಿಡಿಯೊವನ್ನು ಮೊನ್ನೆಯದಕ್ಕೆ ಹೋಲಿಸಬೇಡಿ. ಎರಡಕ್ಕೂ ಮೊದಲ 28 ದಿನದ ವೀವ್ಸ್ ಮಾತ್ರ ಹಿಡಿಯಿರಿ. ಅಷ್ಟಾದರೂ ಮಾಡದೆ ಹೊಲದ ವಿಡಿಯೊ ನಿಲ್ಲಿಸುವವರು ಲೆಕ್ಕದ ಹೆಸರಿನಲ್ಲಿ ತಮ್ಮ ಸೋಮಾರಿತನ ಮುಚ್ಚಿಕೊಳ್ಳುತ್ತಿದ್ದಾರೆ ಎಂದೇ ನಾವು ಹೇಳುತ್ತೇವೆ.