ಮನೆಯ ಭರಣಿ ಬೇರೆ, ಮಾರುವ ಬಾಟಲಿ ಬೇರೆ

ಜಾತ್ರೆಯ ದಿನಗಳಲ್ಲಿ ಮಠದ ಅಂಗಳದಲ್ಲಿ ಉಪ್ಪಿನಕಾಯಿ, ಹಪ್ಪಳ, ಖಾರದಪುಡಿ ಮಾರಲು ಕೂರುವ ತಾಯಂದಿರನ್ನು ‘ನೋಂದಣಿ ಮಾಡಿಸಿದ್ದೀರಾ?’ ಎಂದು ಕೇಳಿದರೆ, ‘ಮನೆಯಲ್ಲಿ ಮಾಡಿದ್ದಕ್ಕೂ ಕಾಯ್ದೆಯೇ?’ ಎಂಬ ಮರುಪ್ರಶ್ನೆ ಬರುತ್ತದೆ. ಹೌದು, ಬೇಕು ಎಂಬುದು ನನ್ನ ಅಭಿಪ್ರಾಯ.

ಮನೆಯ ಭರಣಿಯನ್ನು ತಾಯಿ ದಿನವೂ ತೆರೆದು ನೋಡುತ್ತಾಳೆ. ಎಣ್ಣೆ ಇಳಿದಿದ್ದರೆ ಮತ್ತೆ ಸುರಿಯುತ್ತಾಳೆ, ವಾಸನೆ ಕೆಟ್ಟರೆ ಚೆಲ್ಲುತ್ತಾಳೆ. ಮಾರಿದ ಬಾಟಲಿಯನ್ನಾದರೋ ಎರಡು ತಿಂಗಳ ಮೇಲೆ ಬೇರೊಂದು ಊರಿನಲ್ಲಿ ಯಾರೋ ತೆರೆಯುತ್ತಾರೆ. ಅಲ್ಲಿ ಆ ತಾಯಿಯ ಕಣ್ಣಿನ ಕೆಲಸವನ್ನು ಅಳತೆ ಮತ್ತು ಚೀಟಿ ಮಾಡಬೇಕು.

ಮಾವಿನಕಾಯಿಯನ್ನೇ ನೋಡೋಣ. ಎಣ್ಣೆಯ ಉಪ್ಪಿನಕಾಯಿ 10 ಕೆ.ಜಿ. ಮಾಡಿದರೆ ಅದರಲ್ಲಿ ಹೋಳು 6 ಕೆ.ಜಿ.ಗೆ ಕಡಿಮೆ ಇರಬಾರದು. ಹೋಳಿನ ಮೇಲೆ ಅರ್ಧ ಸೆಂಟಿಮೀಟರ್ ಎಣ್ಣೆ ನಿಲ್ಲಬೇಕು, ಇಲ್ಲವೇ ಒಟ್ಟಿನಲ್ಲಿ 1 ಕೆ.ಜಿ.ಯಾದರೂ ಎಣ್ಣೆ ಇರಬೇಕು ಎನ್ನುತ್ತದೆ ನಿಯಮ. ಬೂಷ್ಟಿಗೆ ಗಾಳಿ ಬೇಕು; ಎಣ್ಣೆಯಿಂದ ಹೊರಗೆ ತಲೆ ಎತ್ತಿದ ಹೋಳಿನಲ್ಲೇ ಅದು ಮೊದಲು ಕಾಣುತ್ತದೆ. ಹೋಳುಗಳು ಕೆಲವು ದಿನ ಎಣ್ಣೆ ಹೀರುವುದರಿಂದ ಮಟ್ಟ ಇಳಿಯುತ್ತದೆ. ಆದ್ದರಿಂದ ಕಲಸಿದ ದಿನವೇ ಮುಚ್ಚಳ ಬಿಗಿಯದೆ, ಮಟ್ಟ ನಿಂತ ಮೇಲೆ ಕಾಯಿಸಿ ಆರಿಸಿದ ಎಣ್ಣೆ ಸೇರಿಸಿ ಮುಚ್ಚಬೇಕು.

ಎಣ್ಣೆಯಿಲ್ಲದೆ ಉಪ್ಪುನೀರಿನಲ್ಲಿ ಹಾಕುವ ಉಪ್ಪಿನಕಾಯಿಯಲ್ಲಿ ಕಾಪಾಡುವುದು ಉಪ್ಪೇ. ಅಲ್ಲಿ ಉಪ್ಪು ಶೇ. 12ಕ್ಕಿಂತ ಕೆಳಗೆ ಇಳಿಯಬಾರದು. ಗಿರಾಕಿಗೆ ರುಚಿಯಾಗಲೆಂದು ಹಿಡಿಯ ಲೆಕ್ಕದಲ್ಲಿ ಉಪ್ಪು ಕಡಿಮೆ ಮಾಡಿದಾಗ ಗುಳ್ಳೆ ಏಳುತ್ತದೆ, ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಮುಚ್ಚಳ ಉಬ್ಬುತ್ತದೆ. ಪೊರೆ ತೆಗೆದು ಮಾರುವುದು ಪರಿಹಾರವಲ್ಲ. ಆ ಬಾಟಲಿಯನ್ನು ಚೆಲ್ಲಬೇಕು. ಹಿಡಿಯ ಬದಲು ತಕ್ಕಡಿ ಬರಲಿ.

ಖಾರದಪುಡಿಗೆ ಕೃತಕ ಬಣ್ಣ ಬೆರೆಸುವಂತಿಲ್ಲ. ಕೆಂಪು ಬೇಕಾದವರು ಬ್ಯಾಡಗಿ ಮೆಣಸಿನಕಾಯಿ ಹೆಚ್ಚು ಹಾಕಲಿ. ಮೆಣಸಿನಕಾಯಾಗಲಿ ಹಪ್ಪಳವಾಗಲಿ, ಚೆನ್ನಾಗಿ ಒಣಗದಿದ್ದರೆ ಪೊಟ್ಟಣದೊಳಗೇ ಬೂಷ್ಟು ಹಿಡಿಯುತ್ತದೆ.

ಇನ್ನು ಕಾಗದದ ಮಾತು. 2006ರ ಆಹಾರ ಸುರಕ್ಷತಾ ಕಾಯ್ದೆ ಮನೆಯ ಅಡುಗೆಮನೆಯನ್ನು ಬೇಡವೆನ್ನುವುದಿಲ್ಲ. ಸಣ್ಣ ವ್ಯಾಪಾರಕ್ಕೆ ಪರವಾನಗಿ ಬೇಡ, ನೋಂದಣಿ ಸಾಕು, foscos.fssai.gov.in ತಾಣದಲ್ಲಿ ಅರ್ಜಿ ಹಾಕಬಹುದು. ಸಿಗುವ 14 ಅಂಕಿಯ ಸಂಖ್ಯೆ ಚೀಟಿಯ ಮೇಲಿರಬೇಕು. ಜೊತೆಗೆ ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನ, ಬಳಸಬೇಕಾದ ಅವಧಿ, ಬೆಲೆ, ವಿಳಾಸ, ಸಸ್ಯಾಹಾರದ ಹಸಿರು ಗುರುತು ಇರಬೇಕು. ಪ್ರತಿ ಬ್ಯಾಚಿನ ಒಂದು ಬಾಟಲಿಯನ್ನು ಮನೆಯಲ್ಲೇ ಇಟ್ಟುಕೊಳ್ಳಿ. ದೂರು ಬಂದರೆ ಕೆಟ್ಟದ್ದು ಇಡೀ ಬ್ಯಾಚೋ ಒಂದೇ ಬಾಟಲಿಯೋ ತಿಳಿಯುತ್ತದೆ.

ಜಾತ್ರಾ ಸಮಿತಿಗಳಲ್ಲಿ ನನ್ನ ವಿನಂತಿ ಇಷ್ಟೆ: ಚೀಟಿಯಿಲ್ಲದ ಬಾಟಲಿಗೆ ಮಳಿಗೆ ಕೊಡಬೇಡಿ. ಆದರೆ ಬರೀ ‘ಇಲ್ಲ’ ಎಂದು ತಾಯಂದಿರನ್ನು ಕಳುಹಿಸಬೇಡಿ. ಒಂದು ತಿಂಗಳು ಮೊದಲೇ ಕರೆದು, ಮಠದ ಕಚೇರಿಯಲ್ಲೇ ಅವರ ಅರ್ಜಿ ತುಂಬಿಸಿಕೊಡಿ. ದುಡಿದು ತಿನ್ನುವವರ ಕಾಯಕವೂ ಉಳಿಯುತ್ತದೆ, ಕೊಂಡು ತಿನ್ನುವವರ ಹೊಟ್ಟೆಯೂ ಕೆಡದು.