ಫ್ಯಾಕ್ಟರಿಯಲ್ಲಿ ರಿಜೆಕ್ಟ್ ಆದ ಪೀಸ್ ಎಲ್ಲಿಗೆ ಹೋಗುತ್ತೆ?

ಅಕ್ಕ ಬ್ಯಾಂಕ್ ಕೆಲಸ ಬಿಟ್ಟು, ಮಕ್ಕಳಿಗೆ ಬ್ಯಾಡ್ಮಿಂಟನ್ ಕಲಿಸೋಕೆ ಅಂತ ಮೈಸೂರಿನಲ್ಲಿ ಎರಡು ಕೋರ್ಟ್ ಬಾಡಿಗೆಗೆ ಹಿಡಿದಳು. ಹೆಸರಿಡೋ ಕೆಲಸ ನನ್ನ ಪಾಲಿಗೆ ಬಂತು. ದಿನವಿಡೀ ಕೋಡ್ ಬರೆಯೋರಿಗೆ ಒಂದು ವೇರಿಯಬಲ್‌ಗೆ ಹೆಸರಿಡೋದೇ ತಲೆನೋವು ಅಂತ ಅವಳಿಗೇನು ಗೊತ್ತು? ಹತ್ತು ನಿಮಿಷದಲ್ಲಿ ‘ಚಾಂಪಿಯನ್ಸ್ ಫ್ಯಾಕ್ಟರಿ’ ಅಂತ ಕಳಿಸಿದೆ. ಸಂಜೆಗೆ ಫ್ಲೆಕ್ಸ್ ಪ್ರಿಂಟ್ ಆಗಿ ಗೇಟಿಗೆ ಏರಿತ್ತು.

ಮೊದಲ ವಾರ ವಿಚಾರಿಸೋಕೆ ಬಂದವರು 14 ಜನ, ಸೇರಿದವರು 3. ಫೀಸು ಅಕ್ಕಪಕ್ಕದವರಷ್ಟೇ, ಸಮಯವೂ ಅದೇ. ಏಳು ವರ್ಷದ ಮಗನ ಕೈ ಹಿಡಿದುಕೊಂಡು ಬಂದಿದ್ದ ಒಬ್ಬ ತಾಯಿ ಬೋರ್ಡ್ ನೋಡಿ ನಗುತ್ತಲೇ ಕೇಳಿದರಂತೆ: “ಮೇಡಂ, ಫ್ಯಾಕ್ಟರಿಯಲ್ಲಿ ರಿಜೆಕ್ಟ್ ಆದ ಪೀಸ್ ಎಲ್ಲಿಗೆ ಹೋಗುತ್ತೆ?” ಅವರು ಮತ್ತೆ ಬರಲಿಲ್ಲ.

ಅವತ್ತು ರಾತ್ರಿ ಇಬ್ಬರೂ ಕೂತು, ಬಂದವರೆಲ್ಲ ಏನೇನು ಕೇಳಿದ್ದರು ಅಂತ ಬರೆದುಕೊಂಡೆವು. ಬೈತೀರಾ? ಆಡೋಕೆ ಬರದಿದ್ದರೆ ಮೂಲೆಯಲ್ಲಿ ಕೂರಿಸ್ತೀರಾ? ನಾನು ಬರೋದು ತಡವಾದರೆ ಮಗು ಎಲ್ಲಿರುತ್ತೆ? ಆದರೆ ಅದೇ ಜನ ಹೊರಡುವಾಗ ಮೆಲ್ಲಗೆ ಇನ್ನೊಂದನ್ನೂ ಕೇಳಿದ್ದರು: “ಟೂರ್ನಮೆಂಟ್‌ಗೆ ಯಾವಾಗ ಕಳಿಸ್ತೀರಾ?” ಆಸೆಯವರು ಬೇರೆ, ಭಯದವರು ಬೇರೆ ಅಂತ ನಾನು ಅಂದುಕೊಂಡಿದ್ದೆ. ಎರಡೂ ಒಬ್ಬರೊಳಗೇ ಇತ್ತು.

ಸರಿ, ಈ ಸಲ ಪೂರ್ತಿ ಉಲ್ಟಾ ಹೊಡೆದೆ. ‘ಪುಟಾಣಿ’, ‘ಚಿಗುರು’, ‘ಸೇಫ್ ಪ್ಲೇ’. ‘ಚಿಗುರು’ ಅಂದಾಗ ಪಕ್ಕದ ಮನೆಯವರು “ಪ್ಲೇ ಹೋಮಾ?” ಅಂದರು. ‘ಸೇಫ್’ ಕೇಳಿದ ಭಾವ “ಯಾಕೆ, ಮುಂಚೆ ಏನಾದ್ರೂ ಆಗಿತ್ತಾ?” ಅಂದರು. ಇಲ್ಲದ ಭಯವನ್ನು ಆ ಪದವೇ ನೆನಪಿಸುತ್ತೆ. ಇನ್ನು ಸೇರಿದ್ದ ಮೂವರಲ್ಲಿ ಹನ್ನೊಂದು ವರ್ಷದವನೊಬ್ಬ “ಪುಟಾಣಿ ಅಂತ ಬರೆದಿರೋ ಟೀ ಶರ್ಟ್ ನಾನು ಹಾಕಲ್ಲ” ಅಂತ ಖಡಾಖಂಡಿತವಾಗಿ ಹೇಳಿಬಿಟ್ಟ. ಹೆಸರು ಓದೋದು ಅಪ್ಪ ಅಮ್ಮ. ಅದನ್ನ ಮೈಮೇಲೆ ಹಾಕಿಕೊಂಡು ಓಡಾಡೋನು ಅವನು.

ಪ್ರಕಾಶ್ ಪಡುಕೋಣೆ ಅವರಿಗೆ ಈ ಕಷ್ಟ ಇರಲಿಲ್ಲ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದವರು 1994ರಲ್ಲಿ ಬೆಂಗಳೂರಿನಲ್ಲಿ ಅಕಾಡೆಮಿ ತೆರೆದರೆ ಅವರ ಹೆಸರೇ ಸಾಕು. ಆಸೆ, ಭರವಸೆ ಎರಡೂ ಅದರಲ್ಲೇ ಬಂತು. ನಮ್ಮಕ್ಕ ಆಡಿದ್ದು ಯೂನಿವರ್ಸಿಟಿ ಟೀಮಿಗೆ.

ಕೊನೆಗೆ ಹೆಸರು ಸಿಕ್ಕಿದ್ದು ಅವಳ ಕಿಟ್ ಬ್ಯಾಗಿನಲ್ಲಿ. ಶಟಲ್‌ಗೆ 16 ಗರಿ. ‘ಗರಿ’ ಅಂದರೆ ಹಗುರ, ಮಗುವಿನ ಹೆಗಲಿಗೆ ಭಾರ ಅಲ್ಲ. ಗೆದ್ದರೆ ಮುಡಿಗೇರೋದೂ ಗರಿಯೇ. ಹನ್ನೊಂದು ವರ್ಷದವನೂ ಒಪ್ಪಿದ. ಚಿಕ್ಕವರು ಮಾತ್ರ “ಗರಿಗರಿ ದೋಸೆ” ಅಂತ ಕೂಗಿಕೊಂಡು ಬರ್ತಾರೆ. ಅದರಿಂದ ನಷ್ಟ ಏನೂ ಇಲ್ಲ, ಹೆಸರು ಬಾಯಲ್ಲಿ ನಿಂತಿದೆ ಅಂತಲೇ ಅರ್ಥ.

ಆದರೆ ಒಂದೇ ಪದದ ಮೇಲೆ ಅಷ್ಟೂ ಭಾರ ಹೊರಿಸೋಕೆ ಆಗಲ್ಲ. ಭಯಕ್ಕೆ ಬೇಕಾದ್ದು ಚಂದದ ಮಾತಲ್ಲ, ಕಣ್ಣಲ್ಲಿ ಎಣಿಸಿ ನೋಡಬಹುದಾದ ಸಂಗತಿ. ಅದಕ್ಕೇ ಹೆಸರಿನ ಕೆಳಗೆ ಒಂದು ಸಾಲು ಹಾಕಿಸಿದೆವು: ‘6ರಿಂದ 12 ವರ್ಷ. ಒಂದು ಬ್ಯಾಚಿಗೆ 8 ಮಕ್ಕಳು. ಪೋಷಕರು ಕೂತು ನೋಡಬಹುದು.’ ಆಸೆಯನ್ನು ಹೆಸರು ಹೇಳಲಿ, ಧೈರ್ಯವನ್ನು ಈ ಸಾಲು ಹೇಳಲಿ ಅಂತ.

ಬೋರ್ಡ್ ಮಾಡಿಸೋ ಮುಂಚೆ ಎರಡು ಪರೀಕ್ಷೆ ಮಾಡಿದೆವು. ಮೊದಲು, ಫೋನಲ್ಲಿ ಒಂದೇ ಸಲ ಹೇಳಿ ಆ ಕಡೆಯವರಿಂದ ಬರೆಸಿದ್ದು. Gari ಅಂತ ಬರೆದವರು ಓದುವಾಗ ‘ಗಾರಿ’ ಅಂದರು. ಕರ್ನಾಟಕದಲ್ಲಿ ನಾಮಫಲಕದ 60% ಕನ್ನಡ ಇರಬೇಕು ಅನ್ನೋ ನಿಯಮ ಹೇಗೂ ಇದೆ. ಕನ್ನಡ ಅಕ್ಷರ ದೊಡ್ಡದಾದ ಮೇಲೆ ಆ ಗೊಂದಲ ಹೋಯಿತು. ಎರಡನೆಯದು, ಟ್ರೇಡ್‌ಮಾರ್ಕ್ ವೆಬ್‌ಸೈಟಿನಲ್ಲಿ ಕ್ಲಾಸ್ 41ರಲ್ಲಿ ಹುಡುಕಿದ್ದು. ತರಬೇತಿ, ಕ್ರೀಡೆ ಎಲ್ಲ ಬರೋದು ಅದರಲ್ಲೇ. ಅಲ್ಲಿ ಉಚ್ಚಾರಣೆ ಹೋಲುವ ಹೆಸರುಗಳನ್ನೂ ಹುಡುಕಬಹುದು. ‘ಚಾಂಪಿಯನ್ಸ್’, ‘ಸ್ಪೋರ್ಟ್ಸ್ ಅಕಾಡೆಮಿ’ ಥರದ ಬರೀ ವರ್ಣನೆಯ ಪದಗಳನ್ನು ನಮ್ಮದು ಮಾತ್ರ ಅಂತ ನೋಂದಾಯಿಸೋದು ಕಷ್ಟ. ಊರೂರಲ್ಲಿ ಅಂಥವು ಇರೋದೂ ಅದಕ್ಕೇ.

ಹೋದ ತಿಂಗಳು ಸಂಜೆ ಐದರ ಬ್ಯಾಚಿಗೆ ಒಂಬತ್ತನೇ ಮಗುವನ್ನು ಕರೆದುಕೊಂಡು ಒಬ್ಬರು ಬಂದರು. ಮೂರು ತಿಂಗಳ ಫೀಸು ಕೈಯಲ್ಲೇ ಇತ್ತು. ಕೋರ್ಟ್ ಬಾಡಿಗೆ ಕಟ್ಟೋದು ಇನ್ನೂ ಬಾಕಿ. “ಒಂದು ಮಗು ತಾನೇ, ಸೇರಿಸ್ಕೊಳ್ಳೇ” ಅಂದೆ. ಅಕ್ಕ ಬೋರ್ಡ್ ಕಡೆ ಕೈ ತೋರಿಸಿದಳು. “ಬರೆದಿದ್ದು ನೀನೇ ಕಣೋ” ಅಂದು ಆ ಮಗುವಿನ ಹೆಸರನ್ನು ಕಾಯುವವರ ಪಟ್ಟಿಗೆ ಬರೆದಳು.

ಆ ತಿಂಗಳ ಬಾಡಿಗೆಗೆ ಕಮ್ಮಿ ಬಿದ್ದಿದ್ದನ್ನು ನಾನೇ ಕೊಟ್ಟೆ.